ಪೊಟರೆಯ ಫೋಟೋ ನೋಡಿ ಮರಕ್ಕೆ ಮರಣದಂಡನೆ

ಕಳೆದ ಫೆಬ್ರವರಿಯಲ್ಲಿ ನಮ್ಮ ಲೇಔಟಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಎರಡನೇ ಕ್ರಾಸಿನ ಹೊಂಗೆ ಮರದ ಬೊಡ್ಡೆಯಲ್ಲಿ, ಆಳೆತ್ತರದಲ್ಲಿ ಒಂದು ಪೊಟರೆ. ಫ್ಲ್ಯಾಶ್ ಹಾಕಿ ತೆಗೆದಿದ್ದರಿಂದ ಒಳಗೆಲ್ಲ ಕಪ್ಪು, ಸುತ್ತ ಬೆಳ್ಳಗೆ. ಹಲ್ಲು ಬಿದ್ದ ಮುದುಕನ ಬಾಯಿ ಹಾಗೆ ಕಾಣ್ತಿತ್ತು. ಕೆಳಗೆ ಒಂದು ಸಾಲು: ‘ಮರ ಪೂರ್ತಿ ಟೊಳ್ಳು, ಎಲೆಯೂ ಒಣಗಿದೆ, ಯಾರ ತಲೆ ಮೇಲಾದರೂ ಬೀಳುವ ಮೊದಲು ಕಡಿಸಿ.’ ಹತ್ತೇ ನಿಮಿಷಕ್ಕೆ ನಲವತ್ತು ಹೆಬ್ಬೆಟ್ಟು. ಅದರಲ್ಲಿ ಒಂದು ನಂದು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಗರಗಸ ಬಂತು, ಮಧ್ಯಾಹ್ನಕ್ಕೆ ಮರ ಇರಲಿಲ್ಲ. ಮೇ ತಿಂಗಳ ಮೊದಲ ದೊಡ್ಡ ಗಾಳಿಮಳೆಗೆ ಅದೇ ರಸ್ತೆಯಲ್ಲಿ ನಲವತ್ತು ಹೆಜ್ಜೆ ಆಚೆ ಇದ್ದ ಗುಲ್‌ಮೊಹರ್ ಬುಡಸಮೇತ ಮಗುಚಿ ಬಿತ್ತು. ಒಂದು ಕಾರು, ಎರಡು ಸ್ಕೂಟರ್ ಅಪ್ಪಚ್ಚಿ. ರಾತ್ರಿ ಹನ್ನೊಂದು ಗಂಟೆ ಆಗಿದ್ದರಿಂದ ಅದರ ಕೆಳಗೆ ಹೂವು ಮಾರುವ ಅಮ್ಮ ಮನೆಗೆ ಹೋಗಿದ್ದರು. ಸಂಜೆ ಏಳಕ್ಕೆ ಬಿದ್ದಿದ್ದರೆ ನಾನು ಈ ಬರಹವನ್ನು ಬೇರೆ ಥರ ಬರೀಬೇಕಿತ್ತು.

ಆ ಗುಲ್‌ಮೊಹರ್ ಬಗ್ಗೆ ಯಾರೂ ಒಂದು ದೂರು ಹೇಳಿರಲಿಲ್ಲ. ಬೀಳುವ ಹಿಂದಿನ ವಾರ ಅರ್ಧ ಲೇಔಟಿನ ಸ್ಟೇಟಸ್‌ನಲ್ಲಿ ಅದರದ್ದೇ ಕೆಂಪು ಹೂವು.

ನನ್ನ ಜಗಳ ಇಬ್ಬರ ಜೊತೆಗೂ ಇದೆ. ತೂತು ಕಂಡ ಕೂಡಲೇ ‘ಕಡಿಸಿ’ ಅನ್ನುವವರು ಒಂದು ಕಡೆ. ‘ಹಸಿರಾಗಿದೆಯಲ್ಲ, ಮರ ಗಟ್ಟಿಯಾಗೇ ಇದೆ, ಮುಟ್ಟಬೇಡಿ’ ಅನ್ನುವ ಪರಿಸರಪ್ರೇಮಿಗಳು ಇನ್ನೊಂದು ಕಡೆ. ಇಬ್ಬರೂ ಮಾಡುವ ತಪ್ಪು ಒಂದೇ. ಮರ ಬದುಕಿದೆಯೇ ಅನ್ನುವ ಪ್ರಶ್ನೆಯನ್ನೂ ಮರ ನಿಲ್ಲುತ್ತದೆಯೇ ಅನ್ನುವ ಪ್ರಶ್ನೆಯನ್ನೂ ಒಂದೇ ಅಂದುಕೊಳ್ಳುತ್ತಾರೆ. ನಮ್ಮ ಕೆಲಸದಲ್ಲಿ ಸರ್ವರ್ `200 OK` ಅಂತ ಉತ್ತರ ಕೊಡ್ತಾ ಇರುವಾಗಲೇ ಒಳಗೆ ಡಿಸ್ಕ್ ಸಾಯ್ತಾ ಇರೋದನ್ನು ಎಷ್ಟು ಸಲ ನೋಡಿಲ್ಲ? ಮರದ ಕಥೆಯೂ ಹಾಗೇ.

ಮೊದಲು ಹೊಂಗೆಯ ಲೆಕ್ಕ ನೋಡೋಣ. ಕಡಿದ ಮಾರನೇ ದಿನ, ಏನೋ ಚುಚ್ಚಿದಂತಾಗಿ, ಟೇಪ್ ಹಿಡಿದುಕೊಂಡು ಹೋದೆ. ಪೊಟರೆ ಇದ್ದ ಎತ್ತರದಲ್ಲಿ ಕತ್ತರಿಸಿದ ದಿಮ್ಮಿ ಇನ್ನೂ ಫುಟ್‌ಪಾತಿನ ಮೇಲೇ ಬಿದ್ದಿತ್ತು. ಸುತ್ತಳತೆ 210 ಸೆಂಟಿಮೀಟರ್, ಅಂದರೆ ನಡುವಿನಿಂದ ಅಂಚಿಗೆ ಸುಮಾರು 33. ಒಳಗಿನ ಟೊಳ್ಳಿನ ಅಡ್ಡಗಲ 30, ಅಂದರೆ ನಡುವಿನಿಂದ 15. ಸುತ್ತಲೂ 18 ಸೆಂಟಿಮೀಟರ್ ದಪ್ಪದ, ಕಬ್ಬಿಣದಂಥ ಮರ. ಉಗುರು ಒತ್ತಿದರೆ ಉಗುರೇ ಮುರಿಯಬೇಕು.

ಬಿದಿರು ಯಾಕೆ ಮುರಿಯಲ್ಲ, ಸೈಕಲ್ಲಿನ ಫ್ರೇಮ್ ಯಾಕೆ ಕೊಳವೆ ಅಂತ ಬಿಇ ಮಾಡಿದವರಿಗೆ ಮತ್ತೆ ಹೇಳಬೇಕಿಲ್ಲ. ಗಾಳಿಗೆ ಬಾಗುವಾಗ ಭಾರವನ್ನೆಲ್ಲ ಹೊರುವುದು ಹೊರಗಿನ ಪದರ, ನಡುವಿನ ಭಾಗಕ್ಕೆ ಹೆಚ್ಚು ಕೆಲಸವಿಲ್ಲ. ದುಂಡನೆಯ ಕೊಳವೆಗೆ, ಗಟ್ಟಿ ಕಂಬಕ್ಕೆ ಹೋಲಿಸಿದರೆ ಉಳಿಯುವ ಬಲ 1 − (r/R)⁴. ಇಲ್ಲಿ r ಟೊಳ್ಳಿನ ತ್ರಿಜ್ಯ, R ಮರದ ತ್ರಿಜ್ಯ. ನಮ್ಮ ಹೊಂಗೆಗೆ 15/33 ಹಾಕಿ ನೋಡಿ. ಅದು ಕಳೆದುಕೊಂಡಿದ್ದ ಬಲ ಶೇ. 4. ಪೊಟರೆಗೆ ಬಾಯಿ ಇತ್ತು, ಹಾಗಾಗಿ ಅದು ಪೂರ್ತಿ ಮುಚ್ಚಿದ ಕೊಳವೆ ಅಲ್ಲ, ಒಪ್ಪಿದೆ. ನಷ್ಟವನ್ನು ಮೂರು ಪಟ್ಟು ಮಾಡಿಕೊಳ್ಳಿ. ಆಗಲೂ ಶೇ. 12. ಅಷ್ಟಕ್ಕೆ ನಾವು ಅದನ್ನು ನೆಲಕ್ಕೆ ಕೆಡವಿದೆವು.

ಹಾಗಂತ ಟೊಳ್ಳು ಯಾವತ್ತೂ ಅಪಾಯವಲ್ಲ ಅಂತಲ್ಲ. ಆ ನಾಲ್ಕರ ಘಾತ ಮೊದಮೊದಲು ಸುಮ್ಮನಿದ್ದು ಕೊನೆಗೆ ಕೈ ಕೊಡುತ್ತದೆ. ಅರ್ಧ ಟೊಳ್ಳಾದಾಗ ಹೋಗುವುದು ಶೇ. 6, ಮುಕ್ಕಾಲಿನ ಹತ್ತಿರ, ಅಂದರೆ ಶೇ. 70ರಷ್ಟು ಟೊಳ್ಳಾದಾಗ ಶೇ. 24, ಶೇ. 90ಕ್ಕೆ ಬಂದರೆ ಮೂರರಲ್ಲಿ ಎರಡು ಪಾಲು ಬಲ ಹೋಗಿರುತ್ತದೆ. ಜರ್ಮನಿಯ ಕ್ಲಾಸ್ ಮಾಟೆಕ್ ಅನ್ನುವವರು ನಿಂತ ಟೊಳ್ಳು ಮರಗಳನ್ನೂ ಮುರಿದ ಟೊಳ್ಳು ಮರಗಳನ್ನೂ ಅಳೆದು ಹೋಲಿಸಿ ಒಂದು ಅಂದಾಜು ಕೊಟ್ಟರು: ಉಳಿದ ಗೋಡೆಯ ದಪ್ಪ ತ್ರಿಜ್ಯದ ಶೇ. 30ಕ್ಕಿಂತ ಕಡಿಮೆ ಆದಾಗ ಎಚ್ಚರಿಕೆ ಬೇಕು. ನಮ್ಮ ಹೊಂಗೆಯದು ಶೇ. 54. ಈ ಶೇ. 30 ಕೂಡ ದೇವರ ವಾಕ್ಯವಲ್ಲ. ಬಾಯಿ ದೊಡ್ಡದಿದ್ದರೆ, ಮೇಲೆ ಕೊಂಬೆಗಳ ಹೊರೆ ಒಂದೇ ಕಡೆ ವಾಲಿದ್ದರೆ ಅದಕ್ಕಿಂತ ಮೊದಲೇ ಮುರಿಯಬಹುದು. ಗಿಡ್ಡ ಹಳೇ ಮರವಾದರೆ ಅದಕ್ಕಿಂತ ತೆಳುವಾಗಿಯೂ ನಿಲ್ಲಬಹುದು. ಆದರೆ ಗಮನಿಸಿ, ಬೇಕಾದ ಅಳತೆ ಗೋಡೆಯ ದಪ್ಪ. ಪೊಟರೆಯ ಬಾಯಿಗೆ ಫೋನ್ ಹಿಡಿದು ತೆಗೆದ ಫೋಟೋದಲ್ಲಿ ಕಾಣದೇ ಇರುವುದು ಸರಿಯಾಗಿ ಅದೊಂದೇ.

ಟೊಳ್ಳಾಗಿಯೂ ಮರ ಹೇಗೆ ಬದುಕಿರುತ್ತೆ ಅಂತ ಕೇಳ್ತಾರೆ. ಬೊಡ್ಡೆಯ ನಡುವಿನ ಚೇಗು ಹೇಗೂ ಸತ್ತ ಮರವೇ. ನೀರು ಹರಿಯುವುದು ಅದರ ಹೊರಗಿನ ಬಿಳಿ ಭಾಗದಲ್ಲಿ, ಹೊಸ ಮರ ಬೆಳೆಯುವುದು ತೊಗಟೆಯ ಒಳಮೈಯಲ್ಲಿ. ನಮ್ಮೂರಿನ ಕೆರೆ ಏರಿಯ ಹುಣಸೆ ನಾನು ಹುಟ್ಟುವ ಮೊದಲೇ ಟೊಳ್ಳು. ಕಣ್ಣಾಮುಚ್ಚಾಲೆಯಲ್ಲಿ ಅದರೊಳಗೆ ಮೂವರು ಹುಡುಗರು ಅಡಗಿಕೊಳ್ತಿದ್ದೆವು, ಈಗಲೂ ವರ್ಷಾ ವರ್ಷ ಕಾಯಿ ಬಿಡ್ತಾ ಇದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ತೋರಿಸಿದ್ದು ಇದನ್ನೇ: ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಗಾಯದ ಸುತ್ತ ಗೋಡೆ ಕಟ್ಟಿ ಆ ಭಾಗವನ್ನು ಬಿಟ್ಟುಕೊಟ್ಟು ಹೊರಗೆ ಹೊಸ ಮರ ಬೆಳೆಸುತ್ತದೆ. ಆದ್ದರಿಂದಲೇ ಪೊಟರೆ ಕೆರೆದು ಸಿಮೆಂಟ್ ತುಂಬುವ ಪುಣ್ಯಾತ್ಮರಿಗೆ ಒಂದು ವಿನಂತಿ: ನೀವು ಕೆರೆಯುವುದು ಮರ ಕಟ್ಟಿಕೊಂಡ ಆ ಗೋಡೆಯನ್ನೇ. ಸಿಮೆಂಟ್ ಬಾಗುವುದಿಲ್ಲ, ಮರ ಬಾಗುತ್ತದೆ. ಎರಡರ ನಡುವೆ ಬಿರುಕು ಬಿಟ್ಟು ಒಳಗೆ ತೇವ ನಿಲ್ಲುತ್ತದೆ. (ನಮ್ಮ ಹೊಂಗೆಯ ಪೊಟರೆ ಶುರುವಾಗಿದ್ದು ಎಲ್ಲಿಂದ ಗೊತ್ತೇ? ಹಿಂದೆ ಯಾವತ್ತೋ ಕರೆಂಟಿನ ತಂತಿಗೆ ಅಡ್ಡ ಅಂತ ದಪ್ಪ ಕೊಂಬೆಯೊಂದನ್ನು ಬೊಡ್ಡೆಗೆ ಸಮನಾಗಿ ಕಡಿದ ಜಾಗದಿಂದ. ಗಾಯ ಮಾಡಿದವರೂ ನಾವೇ.)

ಇನ್ನು ‘ಎಲೆಯೂ ಒಣಗಿದೆ’ ಅನ್ನುವ ಎರಡನೇ ಆರೋಪ. ಫೋಟೋ ಬಂದಿದ್ದು ಫೆಬ್ರವರಿಯಲ್ಲಿ ಸ್ವಾಮಿ! ಹೊಂಗೆ ಹಳೇ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಚಿಗುರುತ್ತದೆ ಅನ್ನುವುದು ಹಳ್ಳಿಯಲ್ಲಿ ಮಕ್ಕಳಿಗೂ ಗೊತ್ತು. ಗುಲ್‌ಮೊಹರ್ ಬೇಸಿಗೆಗೆ ಮೊದಲು ಬೋಳಾಗಿ ನಿಂತು, ಕಾಯಿ ಮಾತ್ರ ನೇತುಹಾಕಿಕೊಂಡಿರುತ್ತದೆ. ಅರಳಿಯೂ ಉದುರಿಸುತ್ತದೆ. ಒಂದು ಮರ ಕೃಶವಾಗ್ತಿದೆಯೋ ಇಲ್ಲವೋ ಅಂತ ಫೋಟೋದಿಂದ ಹೇಳಬೇಕಾದರೆ ತಿಂಗಳು ಗೊತ್ತಿರಬೇಕು, ಪಕ್ಕದಲ್ಲೇ ಇರುವ ಅದೇ ಜಾತಿಯ ಇನ್ನೊಂದು ಮರವೂ ಚೌಕಟ್ಟಿನಲ್ಲಿ ಇರಬೇಕು. ಪಕ್ಕದ ಹೊಂಗೆ ಚಿಗುರಿ ಇದೊಂದೇ ಬೋಳಾಗಿದ್ದರೆ, ಅದರಲ್ಲೂ ಮೇಲಿನ ತುದಿಯಿಂದ ಕೆಳಗೆ ರೆಂಬೆಗಳು ಒಣಗುತ್ತಾ ಬರ್ತಿದ್ದರೆ, ಬೇರಿನ ಕಡೆ ಏನೋ ಆಗಿದೆ ಅಂತ ಅನುಮಾನ ಪಡಬಹುದು. ನಮಗೆ ಇನ್ನೊಂದು ಅನುಕೂಲವೂ ಇದೆ. 2022ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಬೆಂಗಳೂರಿಗೆ ಬಂದ ಮೇಲೆ ಬಹಳಷ್ಟು ರಸ್ತೆಗಳ ಚಿತ್ರ ತಿಂಗಳು, ಇಸವಿ ಸಮೇತ ಸಿಗುತ್ತದೆ. ಅಂದಿನ ಕೊಡೆ ಎಷ್ಟು ದಟ್ಟವಾಗಿತ್ತು, ಇಂದು ಎಷ್ಟಿದೆ ಅಂತ ಕೂತಲ್ಲೇ ಹೋಲಿಸಬಹುದು. ತಿಂಗಳು ಒಂದೇ ಆಗಿರಲಿ ಅಷ್ಟೇ.

ಈಗ ಗುಲ್‌ಮೊಹರ್. ಇಲ್ಲಿ ನನ್ನ ತಪ್ಪು ದೊಡ್ಡದು.

ನಮ್ಮದು ಚನ್ನಗಿರಿ ಕಡೆಯ ಅಡಿಕೆ ತೋಟ. ಅಲ್ಲಿ ಅಣಬೆ ರೋಗ ಅಂದರೆ ಎಲ್ಲರ ಮುಖ ಸಪ್ಪಗಾಗುತ್ತದೆ. ಗ್ಯಾನೊಡರ್ಮಾ ಅನ್ನುವ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು, ಬುಡವನ್ನು ತಿಂದು, ಎಲ್ಲ ಮುಗಿದ ಮೇಲೆ ಹೊರಗೆ ಬಂದು ಕೂರುತ್ತದೆ. ಬುಡದಲ್ಲಿ ಅಣಬೆ ಕಂಡ ದಿನ ಅಪ್ಪ ಆ ಮರವನ್ನು ಲೆಕ್ಕದಿಂದ ಬಿಟ್ಟುಬಿಡ್ತಿದ್ರು. ರೋಗ ಪಕ್ಕದ ಮರಕ್ಕೆ ದಾಟದ ಹಾಗೆ ಸುತ್ತ ಅಗಳು ತೋಡಿಸ್ತಿದ್ರು. ‘ಅಣಬೆ ಅಂದ್ರೆ ರೋಗ ಅಲ್ಲ ಕಣೋ, ರೋಗದ ಹೂವು’ ಅಂತ ಅವರ ಮಾತು. ಪುಸ್ತಕದಲ್ಲಿ ಫಲಕಾಯ ಅಂತ ಬರೆದಿರುತ್ತಾರೆ. ಅಪ್ಪ ಹೇಳಿದ್ದೂ ಅದನ್ನೇ.

ಅದೇ ಗ್ಯಾನೊಡರ್ಮಾ ಬಳಗ ಗುಲ್‌ಮೊಹರ್, ಹೊಂಗೆಯಂಥ ರಸ್ತೆ ಬದಿಯ ಮರಗಳ ಬೇರಿಗೂ ಬೀಳುತ್ತದೆ. ಹಿಂದಿನ ಮಳೆಗಾಲದಲ್ಲಿ ನಾನು ಹೂವಿನ ಅಮ್ಮನ ಹತ್ತಿರ ಮಲ್ಲಿಗೆ ತಗೊಳ್ಳುವಾಗ ಆ ಗುಲ್‌ಮೊಹರ್ ಬುಡದಲ್ಲಿ, ಚರಂಡಿ ಕಡೆಗೆ, ಊಟದ ತಟ್ಟೆಯಷ್ಟು ಅಗಲದ ಅಣಬೆ ಒಂದನ್ನು ಕಣ್ಣಾರೆ ಕಂಡಿದ್ದೆ. ಮೇಲೆ ಕಂದು, ಅಂಚು ಬೆಳ್ಳಗೆ. ಅಂಚು ಬಿಳಿ ಇದೆ ಅಂದರೆ ಅದು ಇನ್ನೂ ಬೆಳೀತಿದೆ ಅಂತ. ಅಮ್ಮ ಸ್ಟೂಲು ಒರೆಸುತ್ತಾ, ‘ದಿನಾ ಬೆಳಿಗ್ಗೆ ಯಾರೋ ಕಾಫಿಪುಡಿ ಚೆಲ್ದಂಗೆ ಧೂಳು ಕೂತಿರ್ತೈತೆ ನೋಡಪ್ಪ’ ಅಂದರು. ಅದು ಧೂಳಲ್ಲ. ಅಣಬೆ ಉದುರಿಸುವ ಕಂದು ಬಣ್ಣದ ಬೀಜಕಣಗಳು. ತೋಟದಲ್ಲಾಗಿದ್ದರೆ ನಾನು ಅಲ್ಲೇ ಅಪ್ಪನಿಗೆ ಫೋನ್ ಮಾಡ್ತಿದ್ದೆ. ಬೆಂಗಳೂರಿನ ಫುಟ್‌ಪಾತಿನ ಮೇಲೆ ನನಗೆ ಅದು ಬರೀ ಅಣಬೆಯಾಗಿ ಕಂಡಿತು. ಮೇಲೆ ನೋಡಿದೆ, ಮರ ದಟ್ಟ ಹಸಿರು. ಚಿಲ್ಲರೆ ಇಸ್ಕೊಂಡು ಬಂದೆ.

ಸ್ವಲ್ಪ ದಿನಕ್ಕೆ ಆ ಅಣಬೆಯೂ ಮಾಯ. ಎದುರು ಕಟ್ಟಡದ ಸೆಕ್ಯೂರಿಟಿಯವರು ಗಲೀಜು ಅಂತ ಸಲಿಕೆಯಲ್ಲಿ ಹೊಡೆದು ಹಾಕಿದ್ದರಂತೆ. ಅಣಬೆ ಕಿತ್ತರೆ ರೋಗ ಹೋಗಲ್ಲ, ಸಾಕ್ಷಿ ಹೋಗುತ್ತೆ ಅಷ್ಟೇ. ಆ ಮೇಲೆ ಯಾರು ಎಷ್ಟೇ ಒಳ್ಳೆ ಕ್ಯಾಮೆರಾದಲ್ಲಿ ಫೋಟೋ ತೆಗೆದಿದ್ದರೂ ಬುಡ ಸ್ವಚ್ಛವಾಗೇ ಕಾಣ್ತಿತ್ತು. ಅಣಬೆ ಕಂಡರೆ ಒಳಗೆ ಕೊಳೆತ ಇದೆ ಅಂತ ಹೇಳಬಹುದು. ಕಾಣದಿದ್ದರೆ ಕೊಳೆತ ಇಲ್ಲ ಅಂತ ಹೇಳಲಾಗದು. ಒಳಗೆ ವರ್ಷಗಟ್ಟಲೆ ತಿಂದ ಮೇಲೇ ಅದು ಹೊರಗೆ ಬರುವುದು, ಎಷ್ಟೋ ಸಲ ಬರುವ ಮೊದಲೇ ಮರ ಬಿದ್ದಿರುತ್ತದೆ.

ಬಿದ್ದ ಮಾರನೇ ಬೆಳಿಗ್ಗೆ ಬೇರಿನ ಕಡೆ ಹೋಗಿ ನೋಡಿದೆ. ಅಷ್ಟು ದೊಡ್ಡ ಮರಕ್ಕೆ ಮಣ್ಣು ಹಿಡಿದ ಬೇರಿನ ಗಡ್ಡೆ ಟ್ರ್ಯಾಕ್ಟರ್ ಚಕ್ರದಷ್ಟೂ ಇರಲಿಲ್ಲ. ಚರಂಡಿ ಕಡೆಯ ಬೇರುಗಳು ನೇರವಾಗಿ ಕತ್ತರಿಸಿದ ಹಾಗೆ ನಿಂತಿದ್ದವು. ಎರಡು ವರ್ಷದ ಹಿಂದೆ ಚರಂಡಿ ಅಗೆದಾಗ ಯಂತ್ರ ಕತ್ತರಿಸಿದ ಗುರುತು ಅದು. ಶಿಲೀಂಧ್ರಕ್ಕೆ ಬಾಗಿಲು ತೆಗೆದುಕೊಟ್ಟಿದ್ದೂ ಬಹುಶಃ ಅದೇ. ಉಳಿದ ದಪ್ಪ ಬೇರುಗಳು ಬೊಡ್ಡೆಯಿಂದ ಒಂದು ಮೊಳದಲ್ಲೇ ತುಂಡಾಗಿದ್ದವು. ತುಂಡಾದ ಜಾಗದಲ್ಲಿ ಮರ ಬೆಳ್ಳಗೆ, ಮೆತ್ತಗೆ, ನೆನೆದ ಥರ್ಮೋಕೋಲ್ ಹಾಗೆ. ಹೆಬ್ಬೆರಳು ಒಳಗೆ ಹೋಯಿತು. ಅಷ್ಟಾದರೂ ಮೇಲೆ ಒಂದು ಎಲೆ ಬಾಡಿರಲಿಲ್ಲ.

ಇದು ಹೇಗೆ ಸಾಧ್ಯ ಅಂದರೆ, ನೀರು ಕುಡಿಯುವ ಬೇರು ಬೇರೆ, ಹಿಡಿದು ನಿಲ್ಲಿಸುವ ಬೇರು ಬೇರೆ. ನೀರು ಎಳೆಯುವುದು ತುದಿಯ ಸಣ್ಣ ಬೇರುಗಳು, ಅದು ಮೇಲಕ್ಕೆ ಹೋಗುವುದು ದಪ್ಪ ಬೇರಿನ ಹೊರಪದರದಲ್ಲಿ. ಬೊಡ್ಡೆಯ ಹತ್ತಿರದ ದಪ್ಪ ಬೇರುಗಳ ತಿರುಳು, ಅಡಿಭಾಗ ಕೊಳೆತರೂ ಒಂದು ಪಕ್ಕದ ತೆಳು ಪದರ ಉಳಿದಿದ್ದರೆ ಮೇಲಿನ ಹಸಿರಿಗೆ ಸಾಕು. ಗಾಳಿ ತಡೆಯಲು ಸಾಲದು. ಅದಕ್ಕೇ ಹೇಳಿದ್ದು, ಹಸಿರನ್ನು ಬಲದ ಸರ್ಟಿಫಿಕೇಟ್ ಅಂತ ಹಿಡಿಯಬೇಡಿ ಅಂತ.

ಆ ಮರ ಬಿದ್ದ ಮೇಲೆ ನಮ್ಮ ಗುಂಪು ಇನ್ನೊಂದು ಅತಿಗೆ ಹೋಯಿತು. ಎಲ್ಲಿ ಅಣಬೆ ಕಂಡರೂ ಫೋಟೋ, ಕೆಳಗೆ ‘ಇದನ್ನೂ ಕಡಿಸಿ’. ಒಬ್ಬರು ಒಣಗಿದ ಕೊಂಬೆಯ ಮೇಲೆ ಸಾಲಾಗಿ ಕೂತ ಬೆರಳುಗುರಿನಷ್ಟು ಬಿಳಿ ಬೀಸಣಿಗೆಗಳ ಫೋಟೋ ಹಾಕಿದರು. ಅದು ಸತ್ತ ಕೊಂಬೆಯನ್ನು ತಿನ್ನುವ ಸಾಮಾನ್ಯ ಅಣಬೆ. ಕೊಂಬೆ ತೆಗೆಸಿದರೆ ಆಯಿತು, ಮರದ ತಂಟೆ ಯಾಕೆ? ಅಣಬೆ ಎಲ್ಲಿ ಕೂತಿದೆ ಅನ್ನುವುದೇ ಅರ್ಧ ಉತ್ತರ. ಕೊಂಬೆಯಲ್ಲಿದ್ದರೆ ಕೊಂಬೆಯ ಮಾತು, ಬೊಡ್ಡೆಯ ನಡುವಿನಲ್ಲಿದ್ದರೆ ಗೋಡೆಯ ದಪ್ಪದ ಮಾತು, ಬುಡದಲ್ಲಿದ್ದರೆ ಬೇರಿನ ಮಾತು. ಬೇರಿನದು ಬಂದಾಗ ಮಾತ್ರ ನಾನು ನಿದ್ದೆ ಕೆಡಿಸಿಕೊಳ್ತೀನಿ. ಆಗಲೂ ಕೂಡಲೇ ಗರಗಸ ಅಂತಲ್ಲ. ಬುಡದಲ್ಲಿ ಅಣಬೆ ಇಟ್ಟುಕೊಂಡು ವರ್ಷಗಟ್ಟಲೆ ನಿಲ್ಲುವ ಮರಗಳೂ ಇವೆ. ಎಷ್ಟು ಬೇರು ಹೋಗಿದೆ, ಎಷ್ಟು ಉಳಿದಿದೆ, ಬಿದ್ದರೆ ಯಾವ ಕಡೆಗೆ, ಅಲ್ಲಿ ಯಾರಿರ್ತಾರೆ ಅಂತ ನೋಡಬೇಕು. ಕೊಡೆಯನ್ನು ಒಂದಿಷ್ಟು ಇಳಿಸಿದರೆ ಗಾಳಿಯ ಹೊರೆ ಇಳಿಯುತ್ತದೆ, ಕೆಲವು ಮರಗಳಿಗೆ ಅಷ್ಟೇ ಸಾಕು.

ವಾಲಿರುವ ಮರದ ಫೋಟೋ ಹಾಕುವವರಿಗೂ ಒಂದು ಮಾತು. ಫೋನಿನ 0.5x ಲೆನ್ಸ್‌ನಲ್ಲಿ ಹತ್ತಿರದಿಂದ ತೆಗೆದರೆ ವಿಧಾನಸೌಧವೂ ವಾಲುತ್ತದೆ. ದೂರ ನಿಂತು, ಪಕ್ಕದ ಕಟ್ಟಡದ ಮೂಲೆಯೂ ಬರುವ ಹಾಗೆ ತೆಗೆಯಿರಿ. ಬುಡ ವಾಲಿ ತುದಿ ನೆಟ್ಟಗೆ ಮೇಲಕ್ಕೆ ತಿರುಗಿದ್ದರೆ ಮರ ಎಳೆಯದಿದ್ದಾಗಲೇ ವಾಲಿ ತಾನೇ ಸರಿಮಾಡಿಕೊಂಡಿದೆ, ಹೆದರಬೇಕಿಲ್ಲ. ಬುಡದಿಂದ ತುದಿತನಕ ನೆಟ್ಟನೆಯ ಕೋಲಿನ ಹಾಗೆ ವಾಲಿದ್ದು, ವಾಲಿದ್ದರ ಹಿಂಬದಿಯಲ್ಲಿ ಮಣ್ಣು ಉಬ್ಬಿದ್ದರೆ ಅಥವಾ ಫುಟ್‌ಪಾತಿನ ಕಲ್ಲು ಎದ್ದು ಕಮಾನಿನಂತೆ ಬಿರುಕು ಬಿಟ್ಟಿದ್ದರೆ, ಆಗ ಫೋಟೋ ಬಿಟ್ಟು ಮೊದಲು ಜನರನ್ನು ಆಚೆ ಕಳಿಸಿ.

ಫೋಟೋ ತೆಗೀಲೇಬೇಡಿ ಅಂತ ನಾನು ಹೇಳ್ತಿಲ್ಲ. ತೀರ್ಪು ಕೊಡೋಕೆ ಒಂದು ಫೋಟೋ ಸಾಲದು, ಅನುಮಾನ ತಿಳಿಸೋಕೆ ಏಳೆಂಟು ಒಳ್ಳೆ ಫೋಟೋ ಬೇಕು ಅಂತಿದ್ದೀನಿ. ಇಡೀ ಮರ ಎರಡು ದಿಕ್ಕಿನಿಂದ. ಬುಡ ಸುತ್ತಲೂ, ಸ್ಕೂಟರ್, ಕಸ, ಹಳೇ ಚಪ್ಪಡಿ ಸರಿಸಿ. ಅಣಬೆಯ ಮೇಲ್ಮೈ, ಅಡಿಮೈ ಎರಡೂ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು. ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಬರೆದು. ಸುತ್ತಮುತ್ತ ಯಾವಾಗ ಅಗೆದಿದ್ದರು ಅಂತ ಹೂವಿನ ಅಮ್ಮನನ್ನೋ ಟೀ ಅಂಗಡಿಯವರನ್ನೋ ಕೇಳಿ. ಆಮೇಲೆ ಕೈಯಲ್ಲಿ ಮುಟ್ಟುವ ಕೆಲಸ: ಕೊಡತಿಯಿಂದ ಬೊಡ್ಡೆ ಸುತ್ತ ತಟ್ಟುತ್ತಾ ಬಂದರೆ, ತೆಂಗಿನಕಾಯಿ ತಟ್ಟಿ ನೋಡುವವರಿಗೆ ಗೊತ್ತಿರುವ ಹಾಗೆ, ಸದ್ದು ಬದಲಾಗುತ್ತದೆ. ತೊಗಟೆ ಸಡಿಲವಾಗಿದ್ದರೂ ಟೊಳ್ಳು ಸದ್ದೇ ಬರುತ್ತದೆ, ಗೋಡೆ ತುಂಬಾ ದಪ್ಪವಿದ್ದರೆ ಟೊಳ್ಳು ಇದ್ದೂ ಗೊತ್ತಾಗಲ್ಲ. ಅದಕ್ಕೆ ಪೊಟರೆಯೊಳಗೆ ತೆಳ್ಳನೆಯ ಕಬ್ಬಿಣದ ಸರಳು ಹಾಕಿ ಅಳೆಯುವುದು, ಬುಡದ ಮಣ್ಣು ಒಂದಿಷ್ಟು ಸರಿಸಿ ಬೇರಿನ ಅಡಿಮೈಗೆ ಚುಚ್ಚಿ ನೋಡುವುದು. ಗಟ್ಟಿ ಬೇರಿಗೆ ಸರಳು ಇಳಿಯಲ್ಲ. ಇನ್ನೂ ಅನುಮಾನವಿದ್ದರೆ ಶಬ್ದದ ಅಲೆ ಹಾಯಿಸಿ ಒಳಗಿನ ಚಿತ್ರ ತೆಗೆಯುವ ಯಂತ್ರಗಳು, ಸೂಜಿಯಂಥ ಡ್ರಿಲ್ ಇಳಿಸಿ ಗಟ್ಟಿತನ ಅಳೆಯುವ ಯಂತ್ರಗಳು ಇವೆ. ಅದನ್ನೆಲ್ಲ ಮಾಡಿ ಅಂತ ಅಧಿಕಾರಿಯನ್ನು ಕೇಳುವ ದಾರಿಯೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಲವತ್ತು ಹೆಬ್ಬೆಟ್ಟು ಅನುಮತಿ ಅಲ್ಲ.

ಈಗ ಮೂರನೇ ಕ್ರಾಸಿನಲ್ಲಿ ಒಂದು ಮಳೆಮರ ಇದೆ. ಸ್ಕೂಲ್ ಬಸ್ ನಿಲ್ಲುವುದು ಅದರ ಕೆಳಗೆ. ನೆಲದಿಂದ ಒಂದು ಗೇಣು ಮೇಲೆ ಎರಡು ಅಣಬೆ, ದೊಡ್ಡದು ನನ್ನ ಅಂಗೈಯಷ್ಟು. ಎಂಟು ಫೋಟೋ, ಒಂದು ಪುಟ ವಿವರ ಸೇರಿಸಿ ಅರ್ಜಿ ಕೊಟ್ಟಿದ್ದೀನಿ. ಅಣಬೆಯನ್ನು ಯಾರೂ ಕೀಳಬಾರದು ಅಂತ ಸೆಕ್ಯೂರಿಟಿಯವರಿಗೆ ಹೇಳಿ, ಬಸ್ ಡ್ರೈವರ್ ಅಣ್ಣನನ್ನು ಒಪ್ಪಿಸಿ ನಿಲ್ದಾಣವನ್ನು ಮೆಡಿಕಲ್ ಶಾಪ್ ಮುಂದಕ್ಕೆ ಸರಿಸಿದ್ದಾಯ್ತು. ಗುಂಪಿನಲ್ಲಿ ಒಬ್ಬರು ಮೇಡಂ ಕೇಳಿದರು, ‘ಸುಮ್ನೆ ಒಂದು ಮಾತಲ್ಲಿ ಹೇಳಿ, ಕಡಿಸ್ಬೇಕಾ ಬೇಡ್ವಾ?’ ಗೊತ್ತಿಲ್ಲ ಮೇಡಂ ಅಂದೆ. ಗುರುವಾರ ಬುಡ ಅಗೆದು ನೋಡೋಕೆ ಬರ್ತಾರೆ, ಸರಳು ನಾನೇ ತರ್ತೀನಿ, ನಿಮಗೆ ಬಿಡುವಿದ್ದರೆ ಏಳೂವರೆಗೆ ಬನ್ನಿ.